ಸಾಲಿಗೆ ಬಾರದ ಹನ್ನೊಂದು ಮನೆ

ಮೌಲಾಅಲಿ ತನ್ನವರ ಆಚೆಗೆ ಯಾರನ್ನೂ ಕಾಣುವ ಮನುಷ್ಯನಲ್ಲ. ಹದಿನಾಲ್ಕು ವರ್ಷ ಅವನ ಜೊತೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿ ನಾನು ಮುಟ್ಟಿದ ತೀರ್ಮಾನ ಇದು, ಅವಸರದ್ದಲ್ಲ.

ಗೋಕಾಕದಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಸಣ್ಣ ಸಂಸ್ಥೆ ನಮ್ಮದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅದರ ವರದಿಗಳನ್ನು ತಪಾಸಣೆ ಮಾಡಿ ಸಹಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮೌಲಾಅಲಿ ಅಲ್ಲಿಯ ಕಂಪ್ಯೂಟರ್ ಆಪರೇಟರ್. ಅದಕ್ಕೂ ಮೊದಲು ತಹಶೀಲ್ದಾರ ಕಚೇರಿಯ ಎದುರು ಟೈಪರೈಟರ್ ಇಟ್ಟುಕೊಂಡು ಜನರ ಅರ್ಜಿ ಹೊಡೆಯುತ್ತಿದ್ದ. ಅಲ್ಲಿ ಕಲಿತ ವಿದ್ಯೆ ಒಂದೇ: ಸರದಿಯಲ್ಲಿ ತನ್ನವರನ್ನು ಮುಂದೆ ತಳ್ಳುವುದು. ಸೋದರಳಿಯನ ಲಗ್ನಪತ್ರಿಕೆ ನಮ್ಮ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಬೀಗರ ರೇಷನ್ ಕಾರ್ಡಿನ ಅರ್ಜಿ ನಮ್ಮ ವರದಿಗಿಂತ ಮೊದಲು ತಯಾರಾಗುತ್ತಿತ್ತು.

ಎರಡು ವರ್ಷದ ಹಿಂದೆ ಬೆಳಗಾವಿಯಿಂದ ಡಾಕ್ಟರು ಕಿವಿ ತಪಾಸಣೆಗೆ ಬಂದ ದಿನ, ಮೂವತ್ತೊಂದನೆಯ ನಂಬರಿನಲ್ಲಿದ್ದ ತನ್ನ ಹೆಂಡತಿಯ ತಮ್ಮನ ಮಗಳನ್ನು ಅವನು ಪಟ್ಟಿಯಲ್ಲಿ ನಾಲ್ಕನೆಯವಳನ್ನಾಗಿ ಮಾಡಿದ. ಕಾದು ಕೂತಿದ್ದ ತಾಯಂದಿರ ಎದುರಿಗೇ ನಾನು ಅವನನ್ನು ನಿಲ್ಲಿಸಿ ಹೇಳಿದೆ:

“ಇನ್ನ ಮ್ಯಾಲೆ ಈ ಕಚೇರಿಯೊಳಗ ನಿಮ್ಮವರ ಹೆಸರು ನಿಮ್ಮ ಬಾಯಿಂದ ಬರಬಾರದು.”

“ಆತ್ರಿ ಬಾಯಾರ,” ಎಂದ, ತಲೆ ಎತ್ತದೆ.

ನಮ್ಮ ವ್ಯವಸ್ಥಾಪಕ ಶಿವಾನಂದ ನಕ್ಕ. “ಹಂಗಾದ್ರ ಮೌಲಾಸಾಬರು ಬಾಯಿಗೆ ಹೊಲಿಗಿ ಹಾಕ್ಕೋಬೇಕಾಗತೈತ್ರಿ. ಅರ್ಧಾ ಗೋಕಾಕ ಅವರ ಬೀಗರು!”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮುಂದಿನ ವರ್ಷ ಪುಣೆಯ ಒಂದು ದಾನಿ ಸಂಸ್ಥೆ ನಮಗೆ ಗಾಡಿಯೊಂದನ್ನು ಕೊಡಲು ಮುಂದೆ ಬಂತು. ಗಾಡಿಯಲ್ಲಿ ಒಬ್ಬ ಶಿಕ್ಷಕಿ ಇರುತ್ತಾಳೆ; ತರಗತಿ ಬಿಟ್ಟ ಮಕ್ಕಳ ಊರಿಗೆ ವಾರಕ್ಕೊಮ್ಮೆ ಹೋಗಿ ಪಾಠ ಮಾಡುತ್ತಾಳೆ. ಯಾವ ಊರು, ಯಾವ ಮಗು ಎಂದು ಗೊತ್ತುಮಾಡಲು ಅವರಿಗೆ ಸಮೀಕ್ಷೆ ಬೇಕಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಂಬತ್ತಮೂರು ಮನೆಗಳಿಗೆ ಯಲ್ಲೇಶನೆಂಬ ತರುಣ ಫೋನು ಹಿಡಿದು ತಿರುಗಿದ. ಮುಖ್ಯ ಪ್ರಶ್ನೆ ಒಂದೇ: ಮಗು ತರಗತಿ ಬಿಟ್ಟದ್ದಕ್ಕೆ ಕಾರಣವೇನು? ಬಸ್ಸಿಲ್ಲ, ಕರೆತರುವವರಿಲ್ಲ, ಕೂಲಿ ತಪ್ಪುತ್ತದೆ, ಕಿವಿಯ ಯಂತ್ರ ಕೆಟ್ಟಿದೆ, ಮನೆಯ ಹಿರಿಯರು ಒಪ್ಪುವುದಿಲ್ಲ, ಮಗುವಿಗೆ ಕಾಯಿಲೆ, ತರಗತಿಯಿಂದ ಪ್ರಯೋಜನವಿಲ್ಲ. ಈ ಏಳರಲ್ಲಿ ಎಷ್ಟಕ್ಕೆ ಬೇಕಾದರೂ ಗುರುತು ಹಾಕಬಹುದು.

ಫೋನಿನಿಂದ ಇಳಿಸಿಕೊಂಡ ಹಾಳೆ ಅಡ್ಡಕ್ಕೆ ಹರಡಿತ್ತು. ಒಂದು ಮನೆಗೆ ಒಂದು ಸಾಲು; ಏಳು ಕಾರಣಕ್ಕೆ ಏಳು ಕಾಲಮ್. ಗುರುತು ಹಾಕಿದಲ್ಲಿ 1, ಹಾಕದಲ್ಲಿ 0. ಮನೆಯವರ ಹೆಸರು ಅದರಲ್ಲಿರಲಿಲ್ಲ, ನಂಬರು ಮತ್ತು ಊರು ಮಾತ್ರ. ಹೆಸರಿನ ಪಟ್ಟಿ ಶಿವಾನಂದನ ಕಪಾಟಿನಲ್ಲಿತ್ತು. ಪುಣೆಯವರಿಗೆ ಈ ಅಡ್ಡ ಹಾಳೆ ಬೇಡವಾಗಿತ್ತು. ಒಂದು ಮನೆಯ ಒಂದು ಕಾರಣಕ್ಕೆ ಒಂದು ಸಾಲು ಇರಬೇಕು, ಮೂರು ಕಾರಣ ಹೇಳಿದ ಮನೆ ಮೂರು ಸಾಲಿನಲ್ಲಿ ಬರಬೇಕು ಎಂದು ಬರೆದಿದ್ದರು. ಆ ಸಾಲುಗಳಿಂದಲೇ ಗಾಡಿಯ ದಾರಿ ಗೊತ್ತಾಗುತ್ತಿತ್ತು.

ಮೌಲಾಅಲಿ ನಂಬರು ಮತ್ತು ಊರಿನ ಕಾಲಮ್‌ಗಳನ್ನು ಇದ್ದಂತೆ ಇಟ್ಟು, ಉಳಿದ ಏಳನ್ನು ಅಡ್ಡದಿಂದ ಉದ್ದಕ್ಕೆ ಮಡಚುವಂತೆ ಕಂಪ್ಯೂಟರಿಗೆ ಹೇಳಿದ. ಎಂಬತ್ತಮೂರನ್ನು ಏಳರಿಂದ ಗುಣಿಸಿದಷ್ಟು, ಅಂದರೆ ಐನೂರ ಎಂಬತ್ತೊಂದು ಸಾಲು ಬಂದವು. ಪ್ರತಿ ಸಾಲಿನಲ್ಲೂ ಮನೆಯ ನಂಬರು, ಊರು, ಕಾರಣದ ಹೆಸರು, 1 ಅಥವಾ 0. ಸೊನ್ನೆಯ ಸಾಲು ಎಂದರೆ ಹೇಳದ ಕಾರಣ. ಅವನ್ನೆಲ್ಲ ತೆಗೆದುಹಾಕಿದ. ನೂರ ಅರವತ್ತನಾಲ್ಕು ಸಾಲು ಉಳಿದವು.

ನಾನು ತಪಾಸಣೆ ಮಾಡಿದೆ. ಮೂಲ ಹಾಳೆಯ ಏಳೂ ಕಾಲಮ್‌ಗಳನ್ನು ಕೂಡಿಸಿದೆ. ನೂರ ಅರವತ್ತನಾಲ್ಕು. ತಾಳೆಯಾಯಿತು. ಸಹಿ ಹಾಕಿದೆ.

ಜೂನಿನಲ್ಲಿ ಗಾಡಿ ಹೊರಟಿತು. ಪುಣೆಯವರು ಕಳಿಸಿದ ಪಟ್ಟಿಯಲ್ಲಿ ಹತ್ತೊಂಬತ್ತು ಊರು, ಎಪ್ಪತ್ತೆರಡು ಮಕ್ಕಳು. ಉಳಿದ ಹನ್ನೊಂದನ್ನು ಅವರೇ ಏನೋ ಲೆಕ್ಕ ಹಾಕಿ ಬಿಟ್ಟಿರಬೇಕೆಂದು ನಾವು ತಿಳಿದೆವು. ಆ ಹನ್ನೊಂದು ಇವೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ನಾಗನೂರಿನ ಪಾರವ್ವ ಮೊಮ್ಮಗ ಓಂಕಾರನನ್ನು ಕರೆದುಕೊಂಡು ಕಚೇರಿಗೆ ಬಂದಳು. ಹುಡುಗನಿಗೆ ಏಳು ವರ್ಷ. ಒಂದು ಕಾಲಕ್ಕೆ ನಮ್ಮ ತರಗತಿಗೆ ಬರುತ್ತಿದ್ದ. ಸಮೀಕ್ಷೆಯಲ್ಲಿ ಕೊಟ್ಟ ನಂಬರಿನ ಚೀಟಿ ಅವಳ ಕೈಯಲ್ಲಿತ್ತು.

“ಬಾಯಾರ, ಗಾಡಿ ನಮ್ಮೂರ ಕ್ರಾಸ್ ಹಾದ ಹೊಕ್ಕೈತಿ, ನಿಲ್ಲೂದಿಲ್ಲ. ಇವ ನಿಂತು ಕೈ ಮಾಡ್ತಾನ. ಇಲ್ಲಿ ಬರೂಮುಂದ ಮೂರು ಮಾತು ಕಲತಿದ್ದ. ಅವ್ವಾ, ನೀರ, ಬಾ. ಈಗ ನೀರ ಹೋತು. ಬಾ ಹೋತು.”

“ನಿನ್ನ ನಂಬರ ಪಟ್ಯಾಗ ಇಲ್ಲವ್ವಾ,” ಎಂದ ಮೌಲಾಅಲಿ.

“ಯಾಕಿಲ್ಲಣ್ಣಾ? ಆ ಫೋನಿನ ಹುಡುಗ ಬಂದಿದ್ನಲ್ಲ. ಎರಡ ಕಪ್ ಚಹಾ ಕುಡದು ಹೋಗ್ಯಾನ. ಅದನ್ನರ ಬರಕೊಂಡಾನೋ ಇಲ್ಲೋ?”

“ಯಾಕ ಬಿಡಿಸಿದ್ರಿ ಅಂತ ಕೇಳಿದಾಗ ನೀ ಏನ್ ಹೇಳಿದಿ?”

“ಏನ್ ಹೇಳ್ಲಿ? ಒಂದ ಕಾರಣ ಇದ್ರ ಹೇಳಬಹುದು. ಎಲ್ಲಾ ಕೂಡಿ ಬಿಡಿಸ್ಯಾವು. ಸುಮ್ಮ ಕುಂತೆ.”

ಸುಮ್ಮನೆ ಕೂತವಳ ಎದುರು ಯಲ್ಲೇಶ ಒಂದಕ್ಕೂ ಗುರುತು ಹಾಕದೆ ಮುಂದಿನ ಪ್ರಶ್ನೆಗೆ ಹೋಗಿದ್ದ. ಫಾರಂ ಅದನ್ನು ತಡೆಯಲಿಲ್ಲ. ಉತ್ತರ ಹೇಳದವರಿಗಾಗಿ ಅದರಲ್ಲಿ ಬೇರೆ ಆಯ್ಕೆಯೂ ಇರಲಿಲ್ಲ.

ಮೌಲಾಅಲಿ ಮೂಲ ಹಾಳೆ ತೆಗೆದ. ಐವತ್ತೇಳನೆಯ ನಂಬರು, ನಾಗನೂರು: ಏಳು ಸೊನ್ನೆ. ಉದ್ದದ ಹಾಳೆಯಲ್ಲಿ ಐವತ್ತೇಳನ್ನು ಹುಡುಕಿದ. ಇಲ್ಲ. ಸೊನ್ನೆಯ ಸಾಲುಗಳನ್ನು ತೆಗೆದಾಗ, ಬರೀ ಸೊನ್ನೆಯೇ ಇದ್ದ ಮನೆಗೆ ಒಂದು ಸಾಲೂ ಉಳಿಯಲಿಲ್ಲ.

“ಮನಿ ಎಷ್ಟು ಉಳದಾವ ಅಂತ ಎಣಿಸಿದ್ರೇನು?” ಎಂದು ಕೇಳಿದೆ.

“ಇಲ್ರಿ. ಗುರುತು ಎಣಿಸಿದೆ. ನೀವೂ ಅದನ್ನ ಎಣಿಸಿದ್ರಿ.”

ಅದು ಖರೆ. ಮೊದಲ ವರ್ಷದ ವಿದ್ಯಾರ್ಥಿ ಹೀಗೆ ಮಾಡಿದ್ದರೆ ನಾನು ಅಂಕ ಕಳೆಯುತ್ತಿದ್ದೆ. ಗುರುತಿನ ಮೊತ್ತ ತಾಳೆಯಾದರೆ ಗುರುತು ಕಳೆದಿಲ್ಲ ಎಂದಷ್ಟೇ ಅರ್ಥ. ಮನೆಗಳು ಉಳಿದಿವೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಶಿವಾನಂದ ಹೆಸರಿನ ಪಟ್ಟಿ ತಂದ. ಎಲ್ಲಕ್ಕೂ ಸೊನ್ನೆಯಿದ್ದ ಹನ್ನೊಂದು ನಂಬರುಗಳನ್ನು ಒಂದೊಂದಾಗಿ ಓದಿದ. ನಾಗನೂರಿನವೇ ನಾಲ್ಕು. ಇಡೀ ಊರೇ ಬಿದ್ದುಹೋಗಿತ್ತು. ಹುಕ್ಕೇರಿ ಕಡೆಯವು ಆರು. ಕೊನೆಯದಾಗಿ, “ಇಪ್ಪತ್ತೆರಡು, ಕೌಜಲಗಿ. ತಾಯಿ ಫರೀನ, ಮಗ ಆಸೀಫ, ನಾಲ್ಕು ವರ್ಷ,” ಎಂದು ಓದಿ ಮೌಲಾಅಲಿಯ ಮುಖ ನೋಡಿದ.

ಫರೀನ ಮೌಲಾಅಲಿಯ ಮಗಳು. ಯಲ್ಲೇಶ ಹೋದಾಗ ಅತ್ತೆ ಪಕ್ಕದಲ್ಲೇ ಕೂತಿದ್ದಳಂತೆ. ಹಿರಿಯರು ಒಪ್ಪುವುದಿಲ್ಲ ಎನ್ನುವುದನ್ನು ಆ ಹಿರಿಯರ ಎದುರಿಗೆ ಯಾವ ಸೊಸೆ ಹೇಳುತ್ತಾಳೆ?

“ಗಾಡಿ ಪಟ್ಟಿ ಬಂದ ದಿನಾನ ನೋಡಿದ್ದೆರಿ, ಕೌಜಲಗಿ ಇದ್ದಿಲ್ಲ,” ಎಂದ ಮೌಲಾಅಲಿ. ಅವನ ಕಣ್ಣು ಪರದೆಯ ಮೇಲಿತ್ತು.

“ಮತ್ತ ಯಾಕ ಕೇಳಲಿಲ್ಲ?” ಎಂದೆ.

“ನಮ್ಮವರ ಹೆಸರು ನನ್ನ ಬಾಯಿಂದ ಬರಬಾರದು ಅಂದಿದ್ರೆಲ್ಲರಿ.”

ಪಟ್ಟಿ ಬಂದದ್ದು ಮೇ ಮೊದಲ ವಾರ. ತಿದ್ದುಪಡಿಗೆ ಮೇ ಕೊನೆಯವರೆಗೆ ಅವಕಾಶವಿತ್ತು. ಅವನು ಅಂದು ಕೇಳಿದ್ದರೆ ಹನ್ನೊಂದೂ ಮನೆ ಸಿಗುತ್ತಿದ್ದವು. ಕೇಳದಂತೆ ಮಾಡಿದವಳು ನಾನು.

ಹನ್ನೊಂದು ಮನೆಗೆ ಹನ್ನೊಂದು ಸಾಲು ಸೇರಿಸಿ, ಕಾರಣದ ಜಾಗದಲ್ಲಿ ‘ಉತ್ತರ ಇಲ್ಲ’ ಎಂದು ತುಂಬಿ, ನೂರ ಎಪ್ಪತ್ತೈದು ಸಾಲಿನ ಹಾಳೆಯನ್ನು ಪುಣೆಗೆ ಕಳಿಸಿದೆವು. ನಾಲ್ಕು ದಿನದಲ್ಲಿ ಉತ್ತರ ಬಂತು. ಪಟ್ಟಿ ಮಾರ್ಚ್ ಕೊನೆಯವರೆಗೆ ಮುಚ್ಚಿದೆ. ಹನ್ನೊಂದು ಹೆಸರುಗಳನ್ನು ಮುಂದಿನ ವರ್ಷಕ್ಕೆ ಪರಿಶೀಲಿಸಲಾಗುವುದು. ಸಭ್ಯವಾದ ಪತ್ರ. ಕಿವಿ ಕೇಳದ ಮಗುವಿಗೆ ಒಂದು ವರ್ಷವೆಂದರೆ ಏನೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಪಾರವ್ವನಿಗೆ ಅದನ್ನು ಫೋನಿನಲ್ಲಿ ತಿಳಿಸಿದ್ದು ನಾನೇ. “ಆತ್ರಿ,” ಎಂದಳು, ಜಗಳವಾಡಲಿಲ್ಲ. ಓಂಕಾರ ಕಿವಿಯ ಯಂತ್ರವನ್ನು ತೆಗೆದು ದನದ ಗೋದಲಿಯಲ್ಲಿ ಎಸೆದಿದ್ದನಂತೆ. ಮತ್ತೆ ಹಾಕಿಕೊಳ್ಳಲು ಒಲ್ಲೆ ಎನ್ನುತ್ತಾನಂತೆ.

ಅಕ್ಟೋಬರಿನಲ್ಲಿ ಪಟ್ಟಿಯಲ್ಲಿದ್ದ ಒಂದು ಕುಟುಂಬ ಇಚಲಕರಂಜಿಗೆ ದುಡಿಯಲು ಹೋಯಿತು. ಒಂದು ಮಗುವಿನ ಜಾಗ ತೆರವಾಯಿತು. ಬಿಟ್ಟುಹೋದವರಲ್ಲಿ ಯಾವುದಾದರೂ ಒಂದು ಮನೆಯ ಸಾಲನ್ನು ಇವತ್ತೇ ಕಳಿಸಿ ಎಂದು ಪುಣೆಯವರು ಬರೆದರು. ಶಿವಾನಂದ ಬೆಳಗಾವಿಗೆ ಹೋಗಿದ್ದ. “ನೀವು ಮತ್ತ ಮೌಲಾಸಾಬರು ಕೂಡಿ ಕಳಿಸಿಬಿಡ್ರಿ ಬಾಯಾರ,” ಎಂದ ಫೋನಿನಲ್ಲಿ.

ನಾನು ಮೊದಲೇ ಯೋಚಿಸಿದ್ದೆ. ಮಾತು ಕಲಿಯುವ ವಯಸ್ಸು ಸಣ್ಣದಿದ್ದಷ್ಟೂ ಪಾಠ ಹತ್ತುತ್ತದೆ. ಹನ್ನೊಂದರಲ್ಲಿ ಎಲ್ಲರಿಗಿಂತ ಸಣ್ಣವನು ಆಸೀಫ. ಮೌಲಾಅಲಿ ಇಪ್ಪತ್ತೆರಡು ಎಂದು ಹೊಡೆದರೆ ನಾನು ಆಕ್ಷೇಪಿಸುವಂತಿರಲಿಲ್ಲ. ಅವನು ಹೊಡೆಯುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಕನ್ನಡಕ ಹಾಕಿಕೊಂಡು ಅವನ ಬೆನ್ನ ಹಿಂದೆ ನಿಂತೆ.

ಅವನು ಐವತ್ತೇಳು ಎಂದು ಹೊಡೆದ. ನಾಗನೂರು. ಉತ್ತರ ಇಲ್ಲ.

ಕೌಜಲಗಿಯಲ್ಲಿ ಇದ್ದದ್ದು ಒಂದೇ ಮನೆ, ನಾಗನೂರಿನಲ್ಲಿ ನಾಲ್ಕು; ಗಾಡಿ ಅಲ್ಲಿ ಒಬ್ಬನಿಗೆಂದು ನಿಂತರೆ ಉಳಿದ ಮೂವರೂ ಬರಬಹುದು. ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳನ್ನು ಶಿಕ್ಷಕಿ ಕೂರಿಸಿಕೊಳ್ಳುತ್ತಾಳೋ, ಮನೆಗೆ ಕಳಿಸುತ್ತಾಳೋ ಗೊತ್ತಿಲ್ಲ. ಎಸೆದ ಯಂತ್ರವನ್ನು ಓಂಕಾರ ಮತ್ತೆ ಕಿವಿಗೆ ಹಾಕಿಕೊಳ್ಳುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ಹುಕ್ಕೇರಿ ಕಡೆಯ ಆರು ಮನೆಗಳಿಗಂತೂ ಏನೂ ಇಲ್ಲ. ಕೌಜಲಗಿಗೂ ಇಲ್ಲ.

ಪುಣೆಯವರು ಈ ಸಲ ಕಳಿಸಿದ ನಮೂನೆಯಲ್ಲಿ ಸಾಲಿನ ಕೊನೆಗೆ ಗಾಡಿ ನಿಲ್ಲುವ ಜಾಗವೆಂಬ ಖಾನೆಯಿತ್ತು. ನಂಬರು ಹೊಡೆದರೆ ಮಗುವಿನ ಮನೆಯ ವಿಳಾಸ ಅಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಮೌಲಾಅಲಿ ಪಾರವ್ವನ ಮನೆಯ ವಿಳಾಸವನ್ನು ಅಳಿಸಿದ. ಹೆಸರಿನ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ನಾಗನೂರಿನ ಉಳಿದ ಮೂರು ಮನೆಗಳ ವಿಳಾಸದ ಮೇಲೆ ಬೆರಳಾಡಿಸಿದ. ಮೂರೂ ಶಾಲೆಯ ಹತ್ತಿರದವು. ಆಮೇಲೆ ಆ ಖಾಲಿ ಖಾನೆಯಲ್ಲಿ, ಎರಡೇ ಬೆರಳಲ್ಲಿ, ಅರ್ಜಿ ಹೊಡೆಯುತ್ತಿದ್ದಾಗಿನ ಹಾಗೆ, ಹೊಡೆದ: ಸರ್ಕಾರಿ ಶಾಲೆಯ ಮುಂದಿನ ಬಯಲು.