ಬಲದ್ದೇ ಬೇಕು ಎಂದು ಬರೆದ ಪತ್ರ

ಮಹಾಲಿಂಗಪುರದಲ್ಲಿ ಲೇತ್ ಮಷಿನ್ ಇಟ್ಟುಕೊಂಡು ಕೂತವನಿಗೆ ಕಬ್ಬಿನ ಗಾಣ ಬಿಟ್ಟರೆ ಬೇರೆ ಗತಿಯಿಲ್ಲ. ಮಳೆಗಾಲ ಮುಗಿದರೆ ಸಾಕು, ಸುತ್ತಲಿನ ಊರುಗಳ ಬೆಲ್ಲದವರೆಲ್ಲ ನನ್ನ ವರ್ಕ್‌ಶಾಪಿಗೇ ಬರುತ್ತಾರೆ. ಬಂದವರೆಲ್ಲರಿಗೂ ನಿನ್ನೆಯೇ ಕೆಲಸ ಆಗಿರಬೇಕು. ಅವರಲ್ಲಿ ತೇರದಾಳ ಕಡೆಯ ಒಬ್ಬ ಹಿರಿಯರಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ನನ್ನ ತಲೆ ತಿಂದಷ್ಟು ಇನ್ಯಾರೂ ತಿಂದಿಲ್ಲ.

ಆ ವರ್ಷ ಅವರ ಗಾಣದ ಹಳೆಯ ಹಲ್ಲುಚಕ್ರಗಳು ಪೂರ್ತಿ ಸವೆದುಹೋಗಿದ್ದವು. ಹೊಸ ಮೋಟರ್, ಹೊಸ ಗೇರ್‌ಬಾಕ್ಸ್ ಹಾಕೋಣ ಎಂದೆ. ಒಪ್ಪಿದರು. ಬೆಂಗಳೂರಿನ ಒಬ್ಬ ಸಪ್ಲಾಯರ್‌ಗೆ ಫೋನ್ ಮಾಡಿ, ಕಬ್ಬು ಅರೆಯುವ ಗಾಣಕ್ಕೆ ಬೇಕು ಎಂದು ಬಿಡಿಸಿ ಹೇಳಿದೆ. ಮರುದಿನ ವಾಟ್ಸಾಪಿನಲ್ಲಿ ಕೊಟೇಶನ್ ಬಂತು. ಜೊತೆಗೊಂದು ಫೋಟೋ: ಸ್ಟೀಲಿನ ತಳ್ಳುಗಾಡಿ, ಮೇಲೆ ನಿಂಬೆಹಣ್ಣು, ಪಕ್ಕದಲ್ಲಿ ಗ್ಲಾಸುಗಳು. ರಸ್ತೆ ಬದಿಯಲ್ಲಿ ಜ್ಯೂಸ್ ಮಾರುವ ಮಷಿನ್ನು! ಟನ್ನುಗಟ್ಟಲೆ ಕಬ್ಬು ನುಂಗುವ ಗಾಣಕ್ಕೆ ಒಂದೂವರೆ ಎಚ್‌ಪಿ ಮೋಟರ್. ಅದನ್ನು ನೋಡಿ ನಗಬೇಕೋ ಫೋನನ್ನು ಗೋಡೆಗೆ ಎಸೆಯಬೇಕೋ ತಿಳಿಯಲಿಲ್ಲ.

ಮತ್ತೆ ಫೋನ್ ಮಾಡಿದಾಗ ಅಲ್ಲಿನ ಆಫೀಸಿನ ಹುಡುಗಿ, "ಸಾರ್, ಬಾಯಲ್ಲಿ ಹೇಳಿದ್ರೆ ಕನ್‌ಫ್ಯೂಸ್ ಆಗುತ್ತೆ. ಲೆಟರ್‌ಹೆಡ್‌ನಲ್ಲಿ ನೀಟಾಗಿ ಬರೆದು ಕಳಿಸಿಬಿಡಿ. ಕನ್ನಡದಲ್ಲೇ ಬರೀರಿ, ಪರವಾಗಿಲ್ಲ" ಎಂದಳು.

ಸರಿ, ಬರೆಯಲು ಕೂತೆ. ಮೋಟರ್ ಹತ್ತು ಎಚ್‌ಪಿ, ತ್ರೀ ಫೇಸ್, ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು. ಅರೆದ ಕಬ್ಬಿನ ಸಿಪ್ಪೆಯ ಧೂಳು ಒಳಗೆ ಹೋಗದಂತೆ ಮೈ ಪೂರಾ ಮುಚ್ಚಿರಬೇಕು. ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತಿರುತ್ತದೆ, ಆಗಲೂ ಮೋಟರ್ ನಿಲ್ಲಬಾರದು. ಬೆಲ್ಟಿನಲ್ಲಿ ಮೂರಕ್ಕೆ ಒಂದರಂತೆ ವೇಗ ಇಳಿಸುತ್ತೇವೆ, ಆದ್ದರಿಂದ ವರ್ಮ್ ಗೇರ್‌ಬಾಕ್ಸ್ ನಲವತ್ತಕ್ಕೆ ಒಂದರದ್ದು ಕೊಡಿ. ಆಗ ಗಾಣದ ರೋಲರ್ ನಿಮಿಷಕ್ಕೆ ಹನ್ನೆರಡು ಸುತ್ತು ತಿರುಗುತ್ತದೆ. ಕಬ್ಬಿನ ಕಂತೆ ಒಮ್ಮೆಲೇ ಒಳಗೆ ಹೊಕ್ಕಾಗ ಜೋರು ಹೊಡೆತ ಬೀಳುತ್ತದೆ, ಅದಕ್ಕೆ ಲೆಕ್ಕಕ್ಕಿಂತ ಎರಡು ಪಟ್ಟು ತಡೆಯುವ ಬಾಕ್ಸ್ ಇರಲಿ. ಬೆಲ್ಟಿನ ಪುಲ್ಲಿ ಕಬ್ಬು ಹಾಕುವ ಕಡೆಗೆ ಬರಬೇಕು, ಸಿಪ್ಪೆ ಬೀಳುವ ಕಡೆಗಲ್ಲ. ಹೀಗೆ ಬರೆದು ಕೆಳಗೆ ಬಾಣದ ಗುರುತು ಹಾಕಿ ಚಿತ್ರವನ್ನೂ ಬಿಡಿಸಿದೆ.

ಅಷ್ಟರಲ್ಲಿ ಕಾಕಾ ಬಂದರು. ಪತ್ರ ಓದಿಸಿಕೊಂಡರು. ಮೊದಲ ತಕರಾರು ಹನ್ನೆರಡು ಸುತ್ತಿನದು.

"ಹನ್ನೆರಡ? ಎತ್ತ ಕಟ್ಟಿ ತಿರುವಿಧಂಗ ಆತಲೋ ಮಿಸ್ತ್ರಿ! ಇಪ್ಪತ್ತೈದ ಮಾಡು."

"ಕಾಕಾ, ಜೋರ ತಿರಗಿದ್ರ ಕಬ್ಬಿನ ಹಾಲ ಪೂರಾ ಇಳಿಯೂದಿಲ್ರಿ. ಸಿಪ್ಪಿ ಹಸಿ ಉಳಿತೈತಿ. ಹಸಿ ಸಿಪ್ಪಿ ಒಣಗಿಸಿ ಒಣಗಿಸಿ ಸಾಕಾಗತೈತಿ, ಆಮ್ಯಾಲ ಒಲಿಗೆ ಏನ ಹಾಕ್ತೀರಿ, ನನ್ನ?"

ಒಪ್ಪಿದಂತೆ ಕಂಡರು. ಆದರೆ ಸುಮ್ಮನೆ ಹೋಗುವ ಜನವೇ ಅವರು? "ಇಷ್ಟೆಲ್ಲಾ ಅಂಕಿ ಬರದಿ. ಮುಖ್ಯ ಮಾತ ಬರದಿಲ್ಲ. ಗೇರ್‌ಬಾಕ್ಸ್ ಬಲದ್ದ ಬೇಕು ಅಂತ ಬರಿ. ದಪ್ಪ ಅಕ್ಷರದಾಗ ಬರಿ."

"ಎರಡ ಪಟ್ಟು ಅಂತ ಬರದೇನಲ್ರಿ ಕಾಕಾ."

"ಅದು ಲೆಕ್ಕ. ಇದು ಮಾತು. ಬರಿ."

ಪೆನ್ನು ಅವರ ಕೈಗೆ ಕೊಡುವುದೊಂದು ಬಾಕಿ ಇತ್ತು. ಪೀಡೆ ಕಳೆಯಲಿ ಎಂದು ಎಲ್ಲಕ್ಕಿಂತ ಕೆಳಗೆ, ಅಡಿಗೆರೆ ಹಾಕಿ, 'ಗೇರ್‌ಬಾಕ್ಸ್ ಬಲದ್ದೇ ಬೇಕು' ಎಂದು ಬರೆದೆ. ಕಾಕಾ ಖುಷಿಯಾಗಿ ಚಹಾ ತರಿಸಿದರು. ಪತ್ರ ಬೆಂಗಳೂರಿಗೆ ಹೋಯಿತು.

ಬಾಕ್ಸ್ ಲಾರಿಯಲ್ಲಿ ಬರುತ್ತಿದೆ ಎಂದು ಗೊತ್ತಾದದ್ದೇ ತಡ, ಅವರು ನನ್ನನ್ನು ಒಂದು ಮಾತೂ ಕೇಳದೆ ಕಬ್ಬು ಕಡಿಯುವ ಗ್ಯಾಂಗನ್ನು ಹೊಲಕ್ಕಿಳಿಸಿದರು. ಗಾಣ ತಿರುಗಿ ನೋಡಿದ ಮೇಲೆ ಕಡಿಸಿ ಎಂದು ಬಡಿದುಕೊಂಡಿದ್ದೆ. ಕೇಳಿದರೆ, "ಗ್ಯಾಂಗ್ ಕೈ ಬಿಟ್ರ ಮತ್ತ ಸಿಗಂಗಿಲ್ಲೋ" ಎಂದರು. ನಾನು ಮೋಟರು, ಬಾಕ್ಸಿನ ಜೊತೆ ಗಾಣಕ್ಕೆ ಹೋದಾಗ ಅಂಗಳದಲ್ಲಿ ಕಡಿದ ಕಬ್ಬು ಆಳೆತ್ತರ ಬಿದ್ದಿತ್ತು. ಕಡಿದ ಕಬ್ಬನ್ನು ಇಟ್ಟುಕೊಂಡು ಕೂರಲು ಬರುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಬೆಲ್ಲವೂ ಗಟ್ಟಿ ಕಟ್ಟುವುದಿಲ್ಲ.

ಪೆಟ್ಟಿಗೆ ಒಡೆದು ಬಾಕ್ಸನ್ನು ಗಾಣದ ಪಕ್ಕ ಇಳಿಸಿದೆವು. ರೋಲರ್‌ಗೆ ಜೋಡಿಸುವ ಶಾಫ್ಟು ತಪ್ಪು ಬದಿಗೆ ಹೊರಬಂದಿತ್ತು. ಅದನ್ನು ರೋಲರ್ ಕಡೆಗೆ ತಿರುಗಿಸಿದರೆ ಪುಲ್ಲಿ ನೇರ ಸಿಪ್ಪೆ ಬೀಳುವಲ್ಲಿಗೆ ಹೋಗುತ್ತಿತ್ತು. ಸಿಪ್ಪೆ ಹೊರುವ ಹೆಂಗಸರು ಓಡಾಡುವ ಜಾಗದಲ್ಲಿ ಬೆಲ್ಟು! ಸೀರೆ ಸೆರಗು ಸಿಕ್ಕರೆ ಮುಗಿಯಿತು.

ಫೋನ್ ಹಚ್ಚಿ ಸ್ಪೀಕರ್ ಹಾಕಿ ಕೂಗಾಡಿದೆ. ಆ ಹುಡುಗಿ ಪತ್ರವನ್ನು ತೆಗೆದು ಶಾಂತವಾಗಿ ಹೇಳಿದಳು:

"ಸಾರ್, ನಿಮ್ಮ ಚಿತ್ರ ನಮ್ಮವರಿಗೆ ಅರ್ಥ ಆಗ್ಲಿಲ್ಲ. ಆದ್ರೆ ಕೆಳಗೆ ಅಂಡರ್‌ಲೈನ್ ಮಾಡಿ ನೀವೇ ಬರೆದಿದ್ದೀರಲ್ಲ, ಬಲದ್ದೇ ಬೇಕು ಅಂತ? ಅದಕ್ಕೇ ಶಾಫ್ಟ್ ಬಲಗಡೆ ಇರೋ ಬಾಕ್ಸ್ ಕಳಿಸಿದ್ವಿ."

ನಾನು ಕಾಕಾನ ಮುಖ ನೋಡಿದೆ. ಕಾಕಾ ಕಬ್ಬಿನ ರಾಶಿ ನೋಡಿದರು. ಎಡಬಲದ ಬಲವೋ, ತಾಕತ್ತಿನ ಬಲವೋ ಎಂದು ಆ ಹುಡುಗಿ ಒಂದು ಫೋನ್ ಮಾಡಿ ಕೇಳಬಾರದಿತ್ತೇ? ಸಿಟ್ಟು ನೆತ್ತಿಗೇರಿತ್ತು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಅವಳು ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬದಲಿ ಬಾಕ್ಸ್ ಬರಲು ಎರಡು ವಾರ ಬೇಕು ಎಂದಳು. ನಾನೇ ಬಿಚ್ಚಿ ಒಳಗಿನ ಚಕ್ರವನ್ನು ಶಾಫ್ಟ್ ಸಮೇತ ಹೊರಳಿಸಿ ಹಾಕಬಹುದು, ಆ ಬಾಕ್ಸಿನಲ್ಲಿ ಎರಡೂ ಬದಿ ಬೇರಿಂಗ್ ಒಂದೇ ಅಳತೆಯವು ಎಂದೆ.

"ಹಾಕ್ಬೋದು ಸಾರ್. ಆದ್ರೆ ಸೀಲ್ ಒಡೆದ್ರೆ ವಾರಂಟಿ ಹೋಗುತ್ತೆ."

ಕಾಕಾ ಕಬ್ಬಿನ ರಾಶಿಗೆ ಒಂದು ಸುತ್ತು ಹಾಕಿ ಬಂದರು. ನನಗೆ ಅವರ ಮೇಲೆ ಇನ್ನೂ ಸಿಟ್ಟಿತ್ತು, ಜೊತೆಗೆ ಅಯ್ಯೋ ಅನಿಸುತ್ತಲೂ ಇತ್ತು.

"ಬಿಚ್ಚು" ಎಂದರು ಕೊನೆಗೆ. ಆಮೇಲೆ ಸಣ್ಣ ದನಿಯಲ್ಲಿ, "ನಾಳೆ ಮುರದ್ರ ಯಾರನ್ನ ಕೇಳ್ಲೋ?"

"ನನ್ನ ಕೇಳ್ರಿ. ಇನ್ಯಾರನ್ನ ಕೇಳ್ತೀರಿ?" ಎಂದೆ. ಸಿಟ್ಟಿನಲ್ಲೇ ಅಂದದ್ದು.

ಎಣ್ಣೆ ಇಳಿಸಿ, ಎರಡೂ ಬದಿಯ ಮುಚ್ಚಳ ತೆಗೆದು, ಚೈನ್ ಪುಲ್ಲಿಯಲ್ಲಿ ಚಕ್ರ ಎತ್ತಿ, ಹೊರಳಿಸಿ ಕೂಡಿಸಿದೆ. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುತ್ತದೆ ನೋಡಿದೆ. ನಡುವಿಗೆ ತಾಗಲಿಲ್ಲ. ಮುಚ್ಚಳದ ಕೆಳಗೆ ಸಂದು ಸರಿಮಾಡಲು ಇಟ್ಟ ತೆಳು ತಗಡುಗಳನ್ನು ಆ ಬದಿಯಿಂದ ಈ ಬದಿಗೆ ಹಾಕಿ ಮತ್ತೆ ನೋಡಿದೆ, ಮತ್ತೆ ಬಿಚ್ಚಿದೆ. ಕಾಕಾ ಪ್ರತಿ ಸಲವೂ "ಆತೇನು?" ಎನ್ನುತ್ತಿದ್ದರು. ಸ್ಪ್ಯಾನರ್ ಎಸೆದು ಮನೆಗೆ ಹೋಗಿಬಿಡಲೇ ಅನಿಸಿತು. ಕಡೆಗೂ ಬಣ್ಣ ಹಲ್ಲಿನ ನಡುವಿಗೆ ಬಂತು.

ಹೊಸ ಎಣ್ಣೆ ತುಂಬಿ, ಬೆಲ್ಟು ಬಿಗಿದು, ಕರೆಂಟು ಬಂದ ಮೇಲೆ ಗಾಣವನ್ನು ಮೊದಲು ಖಾಲಿ ತಿರುಗಿಸಿದೆವು. ಆಮೇಲೆ ಕಂತೆ ಕೊಟ್ಟೆವು. ಸದ್ದು ಒಂದಿಷ್ಟು ಭಾರವಾಯಿತು, ಆದರೆ ಮೋಟರ್ ನಿಲ್ಲಲಿಲ್ಲ. ಹಾಲು ಧಾರೆಯಾಗಿ ಇಳಿಯಿತು. ಕಾಕಾ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರು. ಕೈ ಒದ್ದೆಯಾಗಲಿಲ್ಲ. ಹೋಗಿ ಒಲೆ ಹೊತ್ತಿಸಲು ಕೂತರು.

ಅಂಗಳದ ಕಬ್ಬೆಲ್ಲ ಬೆಲ್ಲವಾಯಿತು. ನನಗೆ ಮಾತ್ರ ಬಿಡುಗಡೆಯಿಲ್ಲ. ಈಗಲೂ ಸೀಜನ್ ಶುರುವಾದರೆ ಬೆಳಗಾಗುವ ಮೊದಲೇ ಫೋನು: "ಮಿಸ್ತ್ರಿ, ಬಾಕ್ಸಿನ ಆವಾಜ್ ಯಾಕೋ ಬ್ಯಾರೆ ಬರಾಕತ್ತೈತಿ, ಬಂದ ಹೋಗು." ಏನೂ ಆಗಿರುವುದಿಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಬೈದುಕೊಳ್ಳುತ್ತಲೇ ಗಾಡಿ ತೆಗೆದು ಹೊರಡುತ್ತೇನೆ. ನನ್ನ ಕೇಳ್ರಿ ಎಂದವನು ನಾನೇ ಅಲ್ಲವೇ?