ಮೂರನೆಯ ಸರ್ವರ್ ತೋರಿಸಿದ ಹಳೆಯ ಪಾಳಿ

ಯಾದಗಿರಿಯ ಸಣ್ಣ ಕಂಪನಿಯೊಂದರಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಉಪಕಾಲುವೆಗೆ ಯಾವ ದಿನ ನೀರು ಬಿಡುತ್ತಾರೆ ಎಂದು ತೋರಿಸುವ ವೆಬ್‌ಸೈಟ್ ಒಂದು ನಮ್ಮ ಸುಪರ್ದಿಯಲ್ಲಿತ್ತು. ನೀರು ಬಳಕೆದಾರರ ಸಂಘದವರು ಅದನ್ನು ನೋಡಿ, ಪಾಳಿಯ ಚೀಟಿ ಮುದ್ರಿಸಿ ರೈತರಿಗೆ ಕೊಡುತ್ತಿದ್ದರು.

ಆ ಭತ್ತದ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ಸುರಪುರದ ಸಂಘದ ಕಚೇರಿಯಿಂದ ಫೋನ್ ಬಂತು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹೆಣ್ಣುಮಗಳು ನನಗೆ ದನಿಯಿಂದಷ್ಟೇ ಪರಿಚಯ. ದೇವಾಪುರದ ಇಬ್ಬರು ರೈತರು ಎರಡು ಚೀಟಿ ಹಿಡಿದು ಅವರ ಮೇಜಿನ ಮುಂದೆ ನಿಂತಿದ್ದರಂತೆ. ಸುರಪುರದ ಈ ಕಚೇರಿಯಲ್ಲೇ ಕೊಟ್ಟ ಚೀಟಿಯಲ್ಲಿ ನೀರು ಗುರುವಾರ. ಶಹಾಪುರದ ಕಚೇರಿಯಿಂದ ತಂದದ್ದರಲ್ಲಿ ಶನಿವಾರ. ಕಾಲುವೆ ಒಂದೇ.

ನಾನು ನನ್ನ ಕಂಪ್ಯೂಟರಿನಲ್ಲಿ ನೋಡಿದೆ. ಶನಿವಾರ ಅಂತಲೇ ಇತ್ತು. ನಮ್ಮಲ್ಲಿ ಮೂರು ಸರ್ವರ್‌ಗಳು. ವೆಬ್‌ಸೈಟಿಗೆ ಬಂದವರನ್ನು ಅವುಗಳಿಗೆ ಹಂಚಿಕೊಡಲು ಮುಂದೆ ಒಂದು ಲೋಡ್ ಬ್ಯಾಲೆನ್ಸರ್. ಅದು ಕೆಲವು ಸೆಕೆಂಡಿಗೊಮ್ಮೆ ಪ್ರತಿ ಸರ್ವರನ್ನೂ ತಟ್ಟಿ ವಿಚಾರಿಸುತ್ತದೆ. ಉತ್ತರ ಬಂದರೆ ಹಸಿರು ಚುಕ್ಕೆ ತೋರಿಸುತ್ತದೆ. ಮೂರೂ ಹಸಿರಾಗಿದ್ದವು. ನಾನು ಧೈರ್ಯವಾಗಿ, ಇಲ್ಲಿ ಎಲ್ಲ ಸರಿ ಇದೆ, ನಿಮ್ಮ ಕಂಪ್ಯೂಟರಿನಲ್ಲೇ ಏನೋ ಆಗಿದೆ ಎಂದೆ.

ಅವರು ವಾದಿಸಲಿಲ್ಲ. ಮೊದಲು ಕಾಲುವೆ ಕಚೇರಿಗೆ ಫೋನ್ ಮಾಡಿ, ಗುರುವಾರದ ನೀರನ್ನು ಶನಿವಾರಕ್ಕೆ ಮುಂದೂಡಿದ್ದಾರೆಂದು ಖಾತ್ರಿ ಮಾಡಿಕೊಂಡರು. ಮುದ್ರಣ ನಿಲ್ಲಿಸಿ, ಬಂದವರಿಗೆಲ್ಲ ಕೈಯಲ್ಲೇ ಶನಿವಾರ ಎಂದು ಬರೆದು ಕೊಟ್ಟರು. ಗುರುವಾರಕ್ಕೆಂದು ನಾಟಿಯ ಆಳುಗಳಿಗೆ ಹೇಳಿದ್ದವರನ್ನು ಫೋನಿನಲ್ಲಿ ಹುಡುಕಿ ತಡೆದರು. ಅದೆಲ್ಲ ಮುಗಿದ ಮೇಲೆ, ಊಟದ ಹೊತ್ತಿಗೆ, ನನಗೆ ಮತ್ತೆ ಫೋನ್ ಮಾಡಿದರು.

"ಸರ್, ನನ್ನ ಕಂಪ್ಯೂಟರ್‌ದಾಗ ಮುಂಜಾನಿಂದ ಎಷ್ಟ್ ಸಲ ತೆರೆದ್ರೂ ಗುರುವಾರನ ಬರಾಕತ್ತದ್ರಿ. ಫೋನ್‌ದಾಗ ಶನಿವಾರ. ಅದಕ್ಕ ಇದರಾಗಿನ ಪ್ರೈವೇಟ್ ವಿಂಡೋದಾಗ ಒಂಬತ್ತು ಸಲ ತೆರೆದು, ಪ್ರತಿ ಸಲ ಪೂರಾ ಮುಚ್ಚಿ ನೋಡೀನ್ರಿ. ಮೂರು ಸಲ ಗುರುವಾರ, ಆರು ಸಲ ಶನಿವಾರ. ನಿಮ್ಮಲ್ಲಿ ಮೂರು ಮಷಿನ್ ಅದಾವೇನ್ರಿ?"

ಹೌದು, ಮೂರೇ ಎಂದೆ. ಸರ್ವರ್‌ಗಳ ಲೆಕ್ಕ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ನಮ್ಮಲ್ಲಿ ಲಾಗಿನ್ ಆದವರ ಗುರುತು ಆಯಾ ಸರ್ವರಿನ ಮೆಮೊರಿಯಲ್ಲೇ ಇರುತ್ತಿತ್ತು. ಅದು ತಪ್ಪದಿರಲೆಂದು ಲೋಡ್ ಬ್ಯಾಲೆನ್ಸರ್ ಪ್ರತಿ ಬ್ರೌಸರಿಗೂ ಕುಕಿ ಎಂಬ ಸಣ್ಣ ಟಿಪ್ಪಣಿಯೊಂದನ್ನು ಕೊಟ್ಟು, ಮೊದಲು ಹೋದ ಸರ್ವರಿಗೇ ದಿನವಿಡೀ ಕಳಿಸುತ್ತಿತ್ತು. ಅವರ ಕಂಪ್ಯೂಟರ್ ಮೂರನೆಯದಕ್ಕೆ ಅಂಟಿಕೊಂಡಿತ್ತು, ನನ್ನದು ಮೊದಲನೆಯದಕ್ಕೆ. ನಾನು ನೂರು ಸಲ ತೆರೆದಿದ್ದರೂ ನನಗೆ ತಪ್ಪು ಕಾಣುತ್ತಿರಲಿಲ್ಲ. ಪ್ರೈವೇಟ್ ವಿಂಡೋ ಮುಚ್ಚಿದರೆ ಕುಕಿ ಅಳಿಯುತ್ತದೆ, ಹಾಗಾಗಿ ಅವರಿಗೆ ಮೂರೂ ಸರ್ವರ್‌ಗಳು ಸರದಿಯಂತೆ ಸಿಕ್ಕಿದ್ದವು.

ಒಂದೊಂದೇ ಸರ್ವರಿಗೆ ನೇರವಾಗಿ ಹೋಗಿ ನೋಡಿದೆ. ಪಾಳಿಯ ಪಟ್ಟಿಯನ್ನು ಐದು ನಿಮಿಷಕ್ಕೊಮ್ಮೆ ಡೇಟಾಬೇಸಿನಿಂದ ತಂದು ಇಟ್ಟುಕೊಳ್ಳುವ ಕೆಲಸ ಮೂರನೆಯದರಲ್ಲಿ ಹಿಂದಿನ ದಿನವೇ ನಿಂತುಹೋಗಿತ್ತು. ಹಳೆಯ ಪಟ್ಟಿಯನ್ನೇ ಅದು ಎಲ್ಲರಿಗೂ ಕೊಡುತ್ತಿತ್ತು. ನಾನು ಇಟ್ಟಿದ್ದ ಪರೀಕ್ಷೆ ಕೇಳುತ್ತಿದ್ದದ್ದು "ಇದ್ದೀಯಾ" ಎಂದಷ್ಟೇ. ಅದು ಇತ್ತು. ಹಾಗಾಗಿ ಹಸಿರು.

ಮೂರನೆಯದನ್ನು ಹಂಚಿಕೆಯಿಂದ ತೆಗೆಯುತ್ತೇನೆ, ನೀವು ಮತ್ತೆ ಲಾಗಿನ್ ಆಗಬೇಕಾಗುತ್ತದೆ ಎಂದು ಅವರಿಗೆ ಹೇಳಿದೆ. ಅರ್ಧ ತುಂಬಿದ ಅರ್ಜಿಯೊಂದಿದೆ, ಅದನ್ನು ಕಾಗದಕ್ಕೆ ಇಳಿಸಿಕೊಳ್ಳುವವರೆಗೆ ಎರಡು ನಿಮಿಷ ತಡೆಯಿರಿ ಎಂದರು. ತಡೆದು ತೆಗೆದೆ. ಅವರು ಹೊಸದಾಗಿ ಲಾಗಿನ್ ಆದಾಗ ಶನಿವಾರ ಬಂತು. ಬೆಳಿಗ್ಗೆ ಅವರ ಕಂಪ್ಯೂಟರನ್ನು ದೂರಿದ್ದಕ್ಕೆ ಕ್ಷಮೆ ಕೇಳಿದೆ.

"ಅದಿರ್ಲಿ ಬಿಡ್ರಿ ಸರ್," ಎಂದರು. "ಆದ್ರ ಪಟ್ಟಿ ಯಾವಾಗಿಂದು ಅಂತ ಚೀಟಿ ಮ್ಯಾಲೆ ಬರೂಹಂಗ ಮಾಡ್ರಿ. ಹಳೇದಿದ್ರ ರೈತರಿಗೇ ಗೊತ್ತಾಗ್ತದ."

ಆ ವಾರ ನಾನು ಪರೀಕ್ಷೆಯನ್ನೇ ಬದಲಿಸಿದೆ. ಪಟ್ಟಿ ಹದಿನೈದು ನಿಮಿಷಕ್ಕಿಂತ ಹಳೆಯದಾದರೆ ಸರ್ವರ್ ತಾನೇ "ನನಗೆ ಯಾರನ್ನೂ ಕಳಿಸಬೇಡ" ಎನ್ನುವಂತೆ ಮಾಡಿದೆ. ಲಾಗಿನ್ ಗುರುತುಗಳನ್ನು ಮೂರಕ್ಕೂ ಸಿಗುವ ಒಂದೇ ಜಾಗದಲ್ಲಿಟ್ಟು ಕುಕಿಯ ಅಂಟನ್ನು ಬಿಡಿಸಿದೆ. ಚೀಟಿಯ ತಲೆಯ ಮೇಲೆ ಪಟ್ಟಿ ಬಂದ ದಿನ, ಹೊತ್ತು ಹಾಕಿದೆ.

ಶನಿವಾರ ಬಸ್ಸು ಹಿಡಿದು ಶಹಾಪುರದ ಮೇಲೆ ಸುರಪುರಕ್ಕೆ ಹೋದೆ. ಅವರನ್ನು ಒಮ್ಮೆ ನೋಡಬೇಕೆನಿಸಿತ್ತು. ನನಗಿಂತ ಹಿರಿಯರು, ಕನ್ನಡಕ ಹಾಕಿದ್ದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಎಲ್ಲೂ ಇಲ್ಲ, ಇಬ್ಬರು ರೈತರೂ ಸುಳ್ಳು ಹೇಳುವವರಲ್ಲ, ಹಾಗಾಗಿ ಸುಳ್ಳು ಬೇರೆ ಕಡೆ ಇರಬೇಕು ಎಂದುಕೊಂಡೆ ಅಂದರು. ಅಷ್ಟರಲ್ಲಿ ದೇವಾಪುರದಿಂದ ಫೋನ್ ಬಂತು. ಕಾಲುವೆಗೆ ನೀರು ಬಂದಿತ್ತು.