ಎರಡನೆಯ ಏಟನ್ನೂ ಬರೆದ ಮೇಲ್ಮನವಿ

ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೊಠಡಿಯ ಗಡಿಯಾರವನ್ನು ಆಗತಾನೇ ನೋಡಿದ್ದೆ. ನಾನು ನೋಡಿಕೊಳ್ಳುವ ನಮ್ಮೂರ ಹಾಲಿನ ಡೇರಿಯಲ್ಲಿ, ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆಹಚ್ಚುವ ಗಾಜಿನ ಲ್ಯಾಕ್ಟೋಮೀಟರ್ ಒಡೆದಿತ್ತು. ನಾಗಮಂಗಲಕ್ಕೆ ಹೋಗಿ ಹೊಸದು ತಂದು, ನಮ್ಮ ಹೋಬಳಿ ಊರಿನಲ್ಲಿ ಬಸ್ಸು ಬದಲಿಸಲು ನಿಂತಿದ್ದೆ. ಎದುರಿನ ಹೈಸ್ಕೂಲು ಬಿಟ್ಟು ಮಕ್ಕಳು ಬಂದಿದ್ದರು. ನನ್ನ ಮಗಳೂ ಅವಳ ಗೆಳತಿಯೂ ಬಸ್ಸಿನ ಹಿಂದಿನ ಬಾಗಿಲಿನ ಹತ್ತಿರ ನಿಂತಿದ್ದರು. ಇಬ್ಬರೂ ಹತ್ತನೆಯ ತರಗತಿ.

ಗೆಳತಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಅವರದೇ ತರಗತಿಯ ಹುಡುಗನೊಬ್ಬ ಒಳಗಿನಿಂದ ಅವಳ ಎದೆಯ ಮೇಲೆ ಕೈಯಿಟ್ಟು ತಳ್ಳಿದ. ಅದೇ ಕ್ಷಣಕ್ಕೆ ಬಸ್ಸು ಹಿಂದಕ್ಕೆ ಚಲಿಸಿತು. ಅವಳು ಬೆನ್ನಡಿಯಾಗಿ ಬಿದ್ದಳು, ಕಾಲು ಚಕ್ರದ ದಾರಿಗೆ ಅಡ್ಡವಾಗಿತ್ತು. ಪಂಚರ್ ಅಂಗಡಿಯ ಸಾಹೇಬರು ಕೈಯಲ್ಲಿದ್ದ ಟೈರು ಬಿಚ್ಚುವ ಲೀವರಿನಿಂದ ಬಸ್ಸಿನ ತಗಡಿಗೆ ಧಡಧಡ ಬಡಿದರು. ಬಸ್ಸು ನಿಂತಿತು. ಚಕ್ರಕ್ಕೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು ಇದ್ದಿರಬಹುದು. ಅವಳ ಪಾದ ಮಾತ್ರ ಇರಬಾರದ ದಿಕ್ಕಿಗೆ ತಿರುಗಿತ್ತು.

ಹುಡುಗ ನಗುತ್ತಾ ಇಳಿದ. ನನ್ನ ಮಗಳು ಊಟದ ಸ್ಟೀಲ್ ಡಬ್ಬಿಯಿದ್ದ ಬಟ್ಟೆಚೀಲವನ್ನು ಬೀಸಿ ಅವನ ಕಿವಿಯ ಮೇಲೆ ಹೊಡೆದಳು. ಅವನು ಮಂಡಿಯೂರಿ ಬಿದ್ದ. ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಅವಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಬಗ್ಗಿದ್ದ ಅವನ ತಲೆಯ ಮೇಲೆ ಮತ್ತೆ ಹೊಡೆದಳು. ಆ ಸದ್ದು ಈಗಲೂ ಕೇಳುತ್ತದೆ, ತೆಂಗಿನಕಾಯಿಯನ್ನು ಕಲ್ಲಿಗೆ ಕುಟ್ಟಿದಂತೆ. ನಾನು ಓಡಿಹೋಗಿ ಅವಳನ್ನು ತಬ್ಬಿ ಎಳೆದೆ. ಮನೆಗೆ ಬಂದಾಗ ನನ್ನ ಮುಷ್ಟಿಯಲ್ಲಿ ಹೊಸ ಲ್ಯಾಕ್ಟೋಮೀಟರಿನ ಒಡೆದ ಗಾಜಿತ್ತು.

ಹುಡುಗನಿಗೆ ನಾಗಮಂಗಲದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರಂತೆ. ಆರೂವರೆಗೆ ಅವನ ದೊಡ್ಡಪ್ಪ ನಾಲ್ಕು ಜನರೊಂದಿಗೆ ಟ್ರಾಕ್ಟರಿನಲ್ಲಿ ನಮ್ಮ ಬಾಗಿಲಿಗೆ ಬಂದ. ಮಗಳನ್ನು ರಾಗಿ ಮೂಟೆಗಳ ಹಿಂದೆ ಕೂರಿಸಿ ಅಗುಳಿ ಹಾಕಿದೆವು.

"ಯಾವನ್ಲಾ ಒಳಗಿರೋನು? ನಮ್ಮ ಐಕ್ಳ ತಲೆ ಒಡ್ಸಿ ಬಾಗ್ಲಾಕ್ಕಂಡಿದ್ದೀಯಾ? ಈಚೆಗ್ ಬಾರ್ಲಾ."

ಮಚ್ಚು ಬಾಗಿಲಿಗೆ ಮೂರು ಸಲ ಬಿತ್ತು. ಮೂರನೆಯದಕ್ಕೆ ಅದರ ತುದಿ ಒಳಗಡೆ ಕಾಣಿಸಿತು. ಬಾಗಿಲು ಸೀಳಿಹೋಗುವುದಕ್ಕಿಂತ ಎದುರಿಗೆ ಹೋಗಿ ಮಾತಾಡುವುದು ಮೇಲೆಂದು ನನ್ನ ಗಂಡ ಅಗುಳಿ ತೆಗೆದರು. ಮಾತಿಗೆ ಬಾಯಿ ತೆರೆಯುವ ಮೊದಲೇ ದೊಣ್ಣೆ ಇಳಿಯಿತು. ತಲೆಗೆ ಅಡ್ಡ ಹಿಡಿದ ಎಡಗೈ ಮುರಿಯಿತು. ಬಿದ್ದವರನ್ನು ಇನ್ನಿಬ್ಬರು ಒದ್ದರು. ನಾನು ಕೂಗಿದ್ದು ನನಗೆ ನೆನಪಿಲ್ಲ. ಬೀದಿಯವರು ಕಲ್ಲು ಹಿಡಿದು ಬಂದ ಮೇಲೆ ಟ್ರಾಕ್ಟರು ಹಿಂದಿರುಗಿತು. ಹೋಗುವಾಗ ನಮ್ಮ ಸೀಮೆಹಸುವಿನ ಬೆನ್ನಿಗೂ ಒಂದು ಬಿಟ್ಟುಹೋದರು.

ಮಾರನೆಯ ದಿನ ನಮ್ಮೂರು, ಹುಡುಗನ ಊರು, ಎರಡೂ ಊರಿನ ಹಿರಿಯರು ನ್ಯಾಯ ಸೇರಿಸಿದರು. ಕೇಸು ಗೀಸು ಅಂದರೆ ಹೆಣ ಬೀಳುತ್ತದೆ, ಹೆಣ್ಣುಮಗು ಓಡಾಡಬೇಕು, ತಾಂಬೂಲ ಕೊಟ್ಟು ಮುಗಿಸಿ ಎಂದರು. ನಮ್ಮ ಕಡೆ ಜಗಳ ನಿಲ್ಲಿಸಲು ಒಬ್ಬರು ಇನ್ನೊಬ್ಬರ ಕೈಗೆ ಎಲೆ ಅಡಿಕೆ ಕೊಡುವುದುಂಟು. ಯಾರು ತಪ್ಪು ಮಾಡಿದರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಯಾರಿಗೆ ಹೆಚ್ಚು ಭಯವೋ ಅವರು ಕೊಡುತ್ತಾರೆ. ನನ್ನ ಗಂಡ ಬಿದಿರುಪಟ್ಟಿ ಕಟ್ಟಿದ ಕೈಯನ್ನು ಎದೆಗೊರಗಿಸಿಕೊಂಡು, ಇನ್ನೊಂದು ಕೈಯಿಂದ ಕೊಟ್ಟರು. ಹಿರಿಯರು ಮಗಳನ್ನು ಆ ದೊಡ್ಡಪ್ಪನ ಕಾಲಿಗೆ ಬೀಳಿಸಿದರು. ಮಂಡ್ಯದಲ್ಲಿ ಬಿ.ಎ. ಓದಿದ ನಾನು, ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವ ನಾನು, ಸುಮ್ಮನೆ ನಿಂತಿದ್ದೆ. ಅದು ನಮ್ಮ ತಪ್ಪು.

ಬುಧವಾರ ಮಗಳನ್ನು ಶಾಲೆಯ ಗೇಟಿನಿಂದಲೇ ವಾಪಸು ಕಳಿಸಿದರು. ಎರಡು ಸಲ ಕೇಳಿದ ಮೇಲೆ ಹೆಡ್‌ಮಾಸ್ಟರು ಆದೇಶದ ಪ್ರತಿ ಕೊಟ್ಟರು. ಅದರಲ್ಲಿದ್ದದ್ದು ಇಷ್ಟು: ಸಹಪಾಠಿಗೆ ಮಾರಣಾಂತಿಕ ಹಲ್ಲೆ. ನ್ಯಾಯ ಪಂಚಾಯ್ತಿಯಲ್ಲಿ ತಾಂಬೂಲ ಕೊಟ್ಟು ತಪ್ಪೊಪ್ಪಿಕೊಂಡಿರುವುದರಿಂದ ವಿಚಾರಣೆಯ ಅಗತ್ಯವಿಲ್ಲ. ಮುಂದಿನ ಆದೇಶದವರೆಗೆ ಅಮಾನತು. ಅವರು ಕೆಟ್ಟ ಮನುಷ್ಯರಲ್ಲ. ಅದನ್ನು ಬರೆಯುವಾಗ ಆ ದೊಡ್ಡಪ್ಪ ಮೇಜಿನ ಮೇಲೆ ಕೈಯೂರಿ ನಿಂತಿದ್ದನೆಂದು ಜವಾನ ಆಮೇಲೆ ಹೇಳಿದ.

ಅಮಾನತಿನ ದಿನಗಳೆಲ್ಲ ಗೈರುಹಾಜರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಮುಕ್ಕಾಲು ಭಾಗ ಹಾಜರಿ ಬೇಕು. ಮಳೆಗಾಲದಲ್ಲಿ ಕಾಮಾಲೆಯಿಂದ ಅವಳು ಆಗಲೇ ಒಂದು ತಿಂಗಳು ಕಳೆದುಕೊಂಡಿದ್ದಳು. ಹಾಜರಿ ಪುಸ್ತಕ ನೋಡಿದ ಕ್ಲಾಸ್ ಟೀಚರು, ಇನ್ನು ಹನ್ನೆರಡು ದಿನ ತಪ್ಪಿದರೆ ಈ ವರ್ಷ ಮುಗಿದಂತೆ ಎಂದರು. ವರ್ಷ ತಪ್ಪಿದ ಹೆಣ್ಣುಮಗುವನ್ನು ಮತ್ತೆ ಶಾಲೆಗೆ ಕಳಿಸಲು ನಮ್ಮ ಮನೆಯ ಹಿರಿಯರು ಬಿಡುತ್ತಿರಲಿಲ್ಲ.

ಮನೆಯಲ್ಲಿರಲು ಧೈರ್ಯವಾಗಲಿಲ್ಲ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿದ್ದ ನನ್ನ ಅಣ್ಣನ ಮನೆಗೆ ಹೋದೆವು. ಅಲ್ಲಿಯೂ ಯಾರಾದರೂ ಗೇಟು ತೆರೆದರೆ ಮೂವರೂ ಎದ್ದು ಕೂರುತ್ತಿದ್ದೆವು. ಮೇಲ್ಮನವಿಯನ್ನು ಅಲ್ಲಿ ಬರೆದೆ. ಖಾಸಗಿ ಅನುದಾನಿತ ಶಾಲೆಯಾದ್ದರಿಂದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಒಂದು ಪ್ರತಿ, ನಾಗಮಂಗಲದ ಶಿಕ್ಷಣಾಧಿಕಾರಿಗಳ ಕಚೇರಿಗೆ ಇನ್ನೊಂದು.

ಮೊದಲ ಪುಟ ಸುಲಭವಾಗಿತ್ತು. ನಮಗೆ ನೋಟಿಸು ಕೊಡಲಿಲ್ಲ, ಮಗಳ ಹೇಳಿಕೆ ಪಡೆಯಲಿಲ್ಲ, ಕಂಡವರನ್ನು ಕೇಳಲಿಲ್ಲ, ಎಷ್ಟು ದಿನವೆಂದು ಹೇಳಲಿಲ್ಲ. ಎರಡನೆಯ ಪುಟದಲ್ಲಿ ನಡೆದದ್ದು. ಆ ಹುಡುಗನೂ ಅವನ ಜೊತೆಯವರೂ ತಿಂಗಳಿಂದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಹುಡುಗಿಯರನ್ನು ತಡೆಯುತ್ತಿದ್ದದ್ದು, ಮಗಳು ಅದನ್ನು ಎರಡು ಬಾರಿ ಶಾಲೆಗೆ ತಿಳಿಸಿದ್ದು, ಆ ದಿನದ ತಳ್ಳಾಟ, ಮೊದಲ ಏಟು. ಅಲ್ಲಿ ಪೆನ್ನು ನಿಂತಿತು.

ನನ್ನ ಗಂಡ ಹೇಳಿದರು, "ಎಲ್ಡ್ನೇದ ಬರೀಬೇಡ ಕಣಮ್ಮಿ. ಯಾರೂ ಸರ್ಯಾಗ್ ನೋಡಿಲ್ಲ."

"ನಾನ್ ನೋಡಿದ್ದೀನಲ್ಲ ರೀ."

ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಮಾಡಿರಲಿಲ್ಲ. "ಬರಿಯವ್ವ," ಎಂದಳು. "ಅವ್ನ್ ಬಿದ್ಮೇಲೂ ಹೊಡ್ದೆ. ಸತ್ತೋಗ್ಲಿ ಅನ್ನುಸ್ತು."

ಬರೆದೆ. ಅದಕ್ಕೆ ಉತ್ತರವಾಗಿ ಮೂರನೆಯ ಪುಟ ಹುಟ್ಟಿತು. ಆ ಏಟಿಗೆ ಅವಳು ಹುಡುಗನ ಕ್ಷಮೆಯನ್ನು ಲಿಖಿತವಾಗಿ ಕೇಳುತ್ತಾಳೆ. ಒಂದು ತಿಂಗಳು ಅವಳ ತಂದೆ ಅಥವಾ ನಾನು ಶಾಲೆಯ ಗೇಟಿನವರೆಗೆ ಕರೆತಂದು ಕರೆದೊಯ್ಯುತ್ತೇವೆ. ಆ ಹುಡುಗರು ಹೋಗುವ ಬಸ್ಸಿಗೆ ಹತ್ತಿಸುವುದಿಲ್ಲ, ಅದರ ಮುಂದಿನ ಬಸ್ಸಿಗೆ ಹತ್ತಿಸುತ್ತೇವೆ. ಹಿಂದಿ ಟೀಚರಮ್ಮನ ಹತ್ತಿರ ಒಂದು ನೋಟ್‌ಬುಕ್ ಇರುತ್ತದೆ, ದಿನದ ಕೊನೆಗೆ ಅವಳ ನಡವಳಿಕೆ ಬರೆದು ಸಹಿ ಹಾಕುತ್ತಾರೆ, ಮನೆಯಲ್ಲಿ ನಾವು ಹಾಕುತ್ತೇವೆ. ಸಿಟ್ಟು ಬಂದರೆ ತರಗತಿಯಿಂದ ಎದ್ದು ಅವರ ಬಳಿ ಹೋಗಲು ಅನುಮತಿ ಬೇಕು. ತಪ್ಪಿದ ಪಾಠಗಳನ್ನು ಬೆಳಿಗ್ಗೆ ಎಂಟೂವರೆಗೆ ಬಂದು ಮುಗಿಸುತ್ತಾಳೆ. ನಾಲ್ಕು ವಾರಕ್ಕೊಮ್ಮೆ ಆ ನೋಟ್‌ಬುಕ್ಕನ್ನು ಹೆಡ್‌ಮಾಸ್ಟರು ನೋಡಲಿ. ಮತ್ತೆ ಕೈ ಎತ್ತಿದ್ದು ಕಂಡರೆ ನಾವೇ ಅವಳನ್ನು ಶಾಲೆಯಿಂದ ಬಿಡಿಸಿಕೊಳ್ಳುತ್ತೇವೆ. ಹಿಂದಿ ಟೀಚರಮ್ಮನನ್ನು ಮೊದಲೇ ಕಂಡು ಒಪ್ಪಿಸಿದ್ದೆ. ಮನೆಯ ಮೇಲೆ ಬಿದ್ದವರ ಮೇಲೆ ಪೊಲೀಸರಿಗೆ ಬೇರೆಯೇ ದೂರು ಕೊಟ್ಟೆವು. ಅದನ್ನು ಮೇಲ್ಮನವಿಗೆ ಬೆರೆಸಲಿಲ್ಲ.

ಸಾಕ್ಷಿ ಬೇಕಿತ್ತು. ಪಾದ ಮುರಿದ ಗೆಳತಿಯನ್ನು ಮನೆಯವರು ಶಾಲೆ ಬಿಡಿಸಿಬಿಟ್ಟಿದ್ದರು. ತನ್ನ ಮಗಳ ಹೆಸರು ಎಲ್ಲಿಯೂ ಬರಕೂಡದು ಎಂದು ಅವಳ ತಾಯಿ ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಪಂಚರ್ ಸಾಹೇಬರನ್ನು ಕೇಳಿದೆ. ಅವರ ಅಂಗಡಿಗೂ ಆ ದೊಡ್ಡಪ್ಪ ಬಂದು ಹೆದರಿಸಿ ಹೋಗಿದ್ದ.

"ನಾನ್ ನೋಡಿದ್ದು ನಾನ್ ಯೋಳ್ತೀನಿ ಬೆಹೆನ್‌ಜಿ. ಅವ್ರ ಟ್ರಾಕ್ಟರು ಪಂಚರಾದ್ರೆ ನನ್ ತಾವ್ಲೇ ಬರ್ಬೇಕಲ್ವಾ, ಎಲ್ಲೋಗ್ತಾರೆ?"

ಅಮಾನತಾದ ಒಂಬತ್ತನೆಯ ಶಾಲಾದಿನ ಮಂಡಳಿ ಸೇರಿತು. ಅಧ್ಯಕ್ಷರು ಊರಿನ ಹಿರಿಯ ರೈತರು. ಇತರ ನಾಲ್ವರು ಸದಸ್ಯರು. ಆದೇಶ ಕೊಟ್ಟವರೇ ತೀರ್ಮಾನಿಸಬಾರದೆಂದು ಹೆಡ್‌ಮಾಸ್ಟರನ್ನು ಹೇಳಿಕೆಗೆ ಮಾತ್ರ ಕೂರಿಸಿದರು. ನಾವು ಒಳಗೆ ಕೂತ ಮೇಲೆ ಹೊರಗಿನ ಪಡಸಾಲೆಯಲ್ಲಿ ಸದ್ದಾಯಿತು. ಸಾಹೇಬರು ಒಳಬಂದಾಗ ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿದಿತ್ತು, ಟೋಪಿ ಕೈಯಲ್ಲಿತ್ತು. ಯಾರು ಹೊಡೆದರೆಂದು ಅಧ್ಯಕ್ಷರು ಕೇಳಿದ್ದಕ್ಕೆ, ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಬಸ್ಸಿನ ವಿಷಯ ಎಂದರು. ನಡೆದದ್ದೆಲ್ಲ ಹೇಳಿದರು. ಎರಡನೆಯ ಏಟನ್ನೂ ಹೇಳಿದರು. ನಾನು ಅದನ್ನು ಬರೆಯದೇ ಇದ್ದಿದ್ದರೆ ನಮ್ಮ ಮನವಿ ಅಲ್ಲಿಯೇ ಸುಳ್ಳಾಗುತ್ತಿತ್ತು.

ಹೆಡ್‌ಮಾಸ್ಟರು ತಾಂಬೂಲದ ಮಾತೆತ್ತಿದರು. ಅಧ್ಯಕ್ಷರು ಕನ್ನಡಕ ತೆಗೆದರು.

"ನಾನೂ ಮೂರ್ ನ್ಯಾಯದಲ್ಲಿ ತಾಂಬೂಲ ಕೊಟ್ಟಿವ್ನಿ ಮೇಷ್ಟ್ರೇ. ಎಲ್ಡ್ರಲ್ಲಿ ಒದೆ ತಿಂದೋನು ನಾನೇ."

ಆಮೇಲೆ ಹುಡುಗನನ್ನು ಕರೆದರು. ದೊಡ್ಡಪ್ಪನೂ ಜೊತೆಗೇ ಬಂದು ಹಿಂದೆ ನಿಂತ. ತಲೆಗೆ ಪಟ್ಟಿ ಸುತ್ತಿದ್ದ ಹುಡುಗ ನನ್ನ ಮಗಳಿಗಿಂತ ಸಣ್ಣಗಿದ್ದ. ತಳ್ಳಿದೆಯಾ ಎಂದು ಕೇಳಿದರು.

"ಬಸ್ಸು ಇಂದಕ್ಕೆ ಬತ್ತದೆ ಅಂತ ಗೊತ್ತಿರ್ಲಿಲ್ಲ ಸಾ."

ಮಾತು ಮುಗಿಯುವ ಮುನ್ನವೇ ದೊಡ್ಡಪ್ಪನ ಕೈ ಅವನ ಕೆನ್ನೆಗೆ ಬಿತ್ತು, ಹೊಲಿಗೆಯ ಪಕ್ಕಕ್ಕೇ. ಹುಡುಗ ಮೇಜಿಗೆ ಬಡಿದು ಬಿದ್ದ. ಪಟ್ಟಿಯ ಮೇಲೆ ಕೆಂಪು ಹರಡಿತು. ಮತ್ತೆ ಎತ್ತಿದ ಕೈಯನ್ನು ಸದಸ್ಯರಿಬ್ಬರು ಹಿಡಿದರು. ದೊಡ್ಡಪ್ಪ ಕೊಸರಿಕೊಂಡು ಕುರ್ಚಿಯೊಂದನ್ನು ಎತ್ತಿ ಕಿಟಕಿಗೆ ಎಸೆದ. ಗಾಜು ನಮ್ಮ ಕಾಲ ಬಳಿ ಬಂದು ಬಿತ್ತು. ನನ್ನ ಮಗಳು ಎದ್ದಳು. ಅವಳು ಹೋಗಿ ಹುಡುಗನ ಮುಂದೆ ಕೂತು, ತನ್ನ ದಾವಣಿಯ ಸೆರಗನ್ನು ಅವನ ತಲೆಗೆ ಒತ್ತಿಹಿಡಿದಳು.

ದೊಡ್ಡಪ್ಪನನ್ನು ಹೊರಗೆ ಹಾಕಿ, ಠಾಣೆಗೆ ಹೇಳಿಕಳಿಸಿದರು. ಅರ್ಧ ಗಂಟೆಯ ನಂತರ ನಿರ್ಣಯ ಓದಿದರು. ನೋಟಿಸಿಲ್ಲದ, ವಿಚಾರಣೆಯಿಲ್ಲದ, ಅವಧಿಯಿಲ್ಲದ ಆದೇಶ ನಿಲ್ಲುವುದಿಲ್ಲ. ಹೊಡೆದದ್ದು ನಿಜವಾದ್ದರಿಂದ ಐದು ದಿನದ ಅಮಾನತು ಸರಿ. ಉಳಿದ ನಾಲ್ಕು ದಿನ ಶಾಲೆಯೇ ತಡೆದದ್ದರಿಂದ ಗೈರುಹಾಜರಿ ಎಂದು ಹಿಡಿಯಬಾರದು. ಮೂರನೆಯ ಪುಟದಲ್ಲಿರುವುದೆಲ್ಲ ಷರತ್ತು. ಹುಡುಗನಿಗೂ ಅಂಥದೇ ಒಂದು ಪುಟ ಬರೆಸಬೇಕು, ಬಸ್ಸು ಹೊರಡುವಾಗ ಒಬ್ಬ ಮೇಷ್ಟ್ರು ನಿಲ್ಲಬೇಕು.

ನಾವು ನಮ್ಮೂರ ಮನೆಗೆ ಮರಳಿದೆವು, ಸೋಮವಾರ ಅವಳು ಶಾಲೆಗೆ ಹೋದಳು. ನನ್ನ ಗಂಡ ಮುರಿದ ಕೈಯ ಸಮೇತ ದಿನವೂ ಗೇಟಿನಲ್ಲಿ ನಿಂತರು. ರಾತ್ರಿಗಳು ಮಾತ್ರ ಬದಲಾಗಲಿಲ್ಲ. ಬಾಗಿಲಿಗೆ ಹಾರೆ ಒರಗಿಸಿ, ಸರದಿಯ ಮೇಲೆ ಎಚ್ಚರವಿರುತ್ತಿದ್ದೆವು. ಕಣ್ಣು ಮುಚ್ಚಿದರೆ ನನಗೆ ಮಚ್ಚಿನ ತುದಿ ಕಾಣುತ್ತಿರಲಿಲ್ಲ, ಎರಡೂ ಕೈಯಲ್ಲಿ ಎತ್ತಿದ ಚೀಲ ಕಾಣುತ್ತಿತ್ತು.

ನಾಲ್ಕು ವಾರ ತುಂಬಿದ ಶನಿವಾರ ಹೆಡ್‌ಮಾಸ್ಟರು ನೋಟ್‌ಬುಕ್ ನೋಡಿ ಸಹಿ ಹಾಕಿದರು. ನಡುವಿನಲ್ಲೊಂದು ದಿನ ಟೀಚರಮ್ಮ ಬರೆದಿದ್ದರು: ಹುಡುಗರು ರೇಗಿಸಿದರು, ಎದ್ದು ನನ್ನ ಬಳಿ ಬಂದಳು, ಕಾಲು ಗಂಟೆ ಕೂತಿದ್ದಳು, ವಾಪಸು ಹೋದಳು. ಆ ಸಾಲನ್ನು ನಾನು ಬಸ್ಸಿನಲ್ಲಿ ಹಲವು ಸಲ ಓದಿದೆ. ಆ ರಾತ್ರಿ ಮುದ್ದೆಯುಂಡು ಮಲಗಿದೆವು, ಮೊದಲ ಸರದಿ ಯಾರದೆಂದು ಯಾರೂ ಕೇಳಲಿಲ್ಲ.

ಭಾನುವಾರ ಬಾಗಿಲು ಬಡಿದ ಸದ್ದಿಗೆ ಕಣ್ಣುಬಿಟ್ಟೆ. ಬಿಸಿಲು ಮಚ್ಚಿನ ಸೀಳಿನಿಂದ ಒಳಗೆ ಬಂದಿತ್ತು. ಹೊರಗೆ ಹಾಲಿನ ಕ್ಯಾನು ಹಿಡಿದವರು, ಡೇರಿ ಇನ್ನೂ ತೆಗೆದಿಲ್ಲವೆಂದು ಬಯ್ಯುತ್ತಿದ್ದರು. ಅಷ್ಟು ಸದ್ದಿಗೂ ಗಂಡನೂ ಮಗಳೂ ಮಿಸುಕಲಿಲ್ಲ, ಗಾಢ ನಿದ್ದೆಯಲ್ಲೇ ಇದ್ದರು.